ದುರ್ಬಲ ಆಮ್ಲದ ಪಿಎಚ್: ವರ್ಗಮೂಲದ ಅಂದಾಜು ಎಲ್ಲಿಯವರೆಗೆ, ವರ್ಗ ಸಮೀಕರಣ ಎಲ್ಲಿಂದ?

ದುರ್ಬಲ ಆಮ್ಲದ ಪಿಎಚ್ ಲೆಕ್ಕ ಹಾಕುವಾಗ ಹೆಚ್ಚಿನವರ ಕೈ ತಾನಾಗಿಯೇ ಒಂದು ಸೂತ್ರದ ಕಡೆಗೆ ಹೋಗುತ್ತದೆ. ಆಮ್ಲದ ವಿಯೋಜನ ಸ್ಥಿರಾಂಕ Ka ಮತ್ತು ದ್ರಾವಣದ ಸಾರತೆ C ಇವೆರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಹೈಡ್ರೋಜನ್ ಅಯಾನಿನ ಸಾರತೆ ಸಿಗುತ್ತದೆ ಎಂಬುದೇ ಆ ಸೂತ್ರ. ಅದು ಎಷ್ಟು ಸರಳವೆಂದರೆ, ಅದು ಅಂದಾಜು ಎಂಬುದೇ ಮರೆತುಹೋಗಿ, ಅದನ್ನೇ ಮೂಲ ನಿಯಮವೆಂದು ಭಾವಿಸುವವರೂ ಇದ್ದಾರೆ. ಆದ್ದರಿಂದ ಮೊದಲು ಈ ಅಂದಾಜು ಯಾವ ಹೆಜ್ಜೆಯಲ್ಲಿ ಒಳಗೆ ಬರುತ್ತದೆ ಎಂಬುದನ್ನು ಗುರುತಿಸಿಕೊಂಡು, ಅದು ಎಷ್ಟು ತಪ್ಪನ್ನು ತರುತ್ತದೆ ಎಂದು ಅಳೆದು, ಆಮೇಲೆ ಯಾವ ಸಂದರ್ಭದಲ್ಲಿ ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವುದು ಒಳ್ಳೆಯದು.

HA ಎಂಬ ಆಮ್ಲವನ್ನು ನೀರಿನಲ್ಲಿ ಕರಗಿಸಿದಾಗ ಅದರ ಒಂದು ಭಾಗ ಮಾತ್ರ H⁺ ಮತ್ತು A⁻ ಅಯಾನುಗಳಾಗಿ ಬೇರ್ಪಡುತ್ತದೆ. ಹೀಗೆ ಬೇರ್ಪಟ್ಟ ಭಾಗದ ಸಾರತೆಯನ್ನು x ಎಂದು ಕರೆದರೆ, ಬೇರ್ಪಡದೆ ಉಳಿದ ಆಮ್ಲದ ಸಾರತೆ C − x ಆಗುತ್ತದೆ. ಸಮತೋಲನದ ಷರತ್ತು ಹೀಗಿದೆ:

Ka = x² / (C − x)

ಇಲ್ಲಿಯವರೆಗೆ ಅಯಾನುಗಳ ಪರಸ್ಪರ ಆಕರ್ಷಣೆ ಮತ್ತು ನೀರಿನ ಸ್ವಂತ ವಿಯೋಜನೆಯನ್ನು ಬಿಟ್ಟರೆ ಬೇರೇನನ್ನೂ ಕೈಬಿಟ್ಟಿಲ್ಲ. ಇದನ್ನು ಬಿಡಿಸಿ ಬರೆದರೆ x² + Ka·x − Ka·C = 0 ಎಂಬ ವರ್ಗ ಸಮೀಕರಣ ಬರುತ್ತದೆ, ಮತ್ತು ಅದರ ಧನಾತ್ಮಕ ಮೂಲವೇ ನಮಗೆ ಬೇಕಾದ ಉತ್ತರ:

x = (−Ka + √(Ka² + 4·Ka·C)) / 2

ಅಂದಾಜು ಮಾಡುವವರು ಛೇದದಲ್ಲಿರುವ C − x ಎಂಬಲ್ಲಿ x ಅನ್ನು ಬಿಟ್ಟು, ಬರೀ C ಎಂದು ಬರೆಯುತ್ತಾರೆ. ಆಗ x₀ = √(Ka·C) ಎಂದಾಗುತ್ತದೆ. ಅಂಶದಲ್ಲಿರುವ x ಅನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ಅಲ್ಲಿ ಅದನ್ನು ಯಾವುದಕ್ಕೂ ಕೂಡಿಸಿಲ್ಲ, ಯಾವುದರಿಂದಲೂ ಕಳೆದಿಲ್ಲ. ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಕಳೆಯುವಾಗ ಕೈಬಿಡಬಹುದೇ ಹೊರತು ಗುಣಾಕಾರದಲ್ಲಿ ಕೈಬಿಡಲಾಗದು. ಹೀಗಾಗಿ ಇಡೀ ಪ್ರಶ್ನೆ ಒಂದೇ ಒಂದು ಹೋಲಿಕೆಯ ಮೇಲೆ ನಿಂತಿದೆ: C ಯ ಎದುರಿಗೆ x ಎಷ್ಟು ಚಿಕ್ಕದು? x ಅನ್ನು Ka ಜೊತೆ ಹೋಲಿಸುವುದು, ಅಥವಾ Ka ಎಂಬುದು 10⁻⁵ ರ ಆಸುಪಾಸಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಆಮ್ಲ ದುರ್ಬಲ, ಆದ್ದರಿಂದ ಅಂದಾಜು ಸರಿ ಎಂದುಕೊಳ್ಳುವುದು, ಎರಡೂ ದಾರಿ ತಪ್ಪಿಸುವ ಯೋಚನೆಗಳು.

ಒಂದೇ ಆಮ್ಲ, ಮೂರು ಸಾರತೆ

ಅಸಿಟಿಕ್ ಆಮ್ಲವನ್ನು ತೆಗೆದುಕೊಳ್ಳೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ Ka ಮೌಲ್ಯವನ್ನು 1.8 × 10⁻⁵ ಎಂದು ಇಟ್ಟುಕೊಂಡು, ಮೊದಲು 0.10 ಮೋಲಾರ್ ದ್ರಾವಣವನ್ನು ನೋಡಿದರೆ, ವರ್ಗಮೂಲದ ಸೂತ್ರ x₀ = 1.342 × 10⁻³ ಎಂದು ಕೊಡುತ್ತದೆ ಮತ್ತು ಪಿಎಚ್ 2.872 ಆಗುತ್ತದೆ. ವರ್ಗ ಸಮೀಕರಣವನ್ನು ಬಿಡಿಸಿದರೆ x = 1.333 × 10⁻³ ಮತ್ತು ಪಿಎಚ್ 2.875 ಬರುತ್ತವೆ. ವ್ಯತ್ಯಾಸ 0.003 ಮಾತ್ರ. ಸಾಮಾನ್ಯ ಪಿಎಚ್ ಮೀಟರ್ ಎರಡು ದಶಮಾಂಶ ಸ್ಥಾನಗಳವರೆಗೆ ತೋರಿಸುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಇಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದೇ ಆಮ್ಲವನ್ನು ನೂರು ಪಟ್ಟು ತೆಳುವಾಗಿಸಿ 0.0010 ಮೋಲಾರ್ ಮಾಡಿದರೆ ಪರಿಸ್ಥಿತಿ ಬದಲಾಗುತ್ತದೆ. ಅಂದಾಜಿನಂತೆ x₀ = 1.342 × 10⁻⁴, ಪಿಎಚ್ 3.872, ಅಂದರೆ ಶೇಕಡಾ 13.4 ರಷ್ಟು ಆಮ್ಲ ವಿಯೋಜನೆಗೊಂಡಿದೆ ಎಂದು ಸೂತ್ರವೇ ಹೇಳುತ್ತಿದೆ. ಶೇಕಡಾ 13 ರಷ್ಟು ಆಮ್ಲ ಖರ್ಚಾಗಿದೆ ಎಂದು ಉತ್ತರದಲ್ಲಿ ಹೇಳುತ್ತಲೇ, ಆಮ್ಲ ಏನೂ ಖರ್ಚಾಗಿಲ್ಲ ಎಂದು ಆರಂಭದಲ್ಲಿ ಊಹಿಸಿದ್ದು ತನ್ನಲ್ಲೇ ವಿರೋಧ. ಸರಿಯಾದ ಉತ್ತರ x = 1.255 × 10⁻⁴, ಪಿಎಚ್ 3.90. ಈಗ ವ್ಯತ್ಯಾಸ 0.03 ರ ಹತ್ತಿರವಿದ್ದು, ಮೀಟರ್‌ನಲ್ಲಿ ಕಾಣುವಷ್ಟಾಗಿದೆ.

ಇನ್ನೂ ತೆಳುವಾಗಿಸಿ 1.0 × 10⁻⁵ ಮೋಲಾರ್‌ಗೆ ಇಳಿಸಿದರೆ ಅಂದಾಜು ಸಂಪೂರ್ಣ ಕುಸಿಯುತ್ತದೆ. x₀ = 1.34 × 10⁻⁵ ಎಂದು ಬರುತ್ತದೆ. ಅಂದರೆ ಹಾಕಿದ ಆಮ್ಲದ ಶೇಕಡಾ 134 ರಷ್ಟು ವಿಯೋಜನೆಗೊಂಡಿದೆ! ಹಾಕಿದ್ದಕ್ಕಿಂತ ಹೆಚ್ಚು ಬೇರ್ಪಡುವುದು ಅಸಾಧ್ಯ. ಆದರೆ ಪಿಎಚ್ ಅನ್ನಷ್ಟೇ ನೋಡಿದವರಿಗೆ 4.87 ಎಂಬ ಉತ್ತರದಲ್ಲಿ ಯಾವ ಅಸಂಗತತೆಯೂ ಕಾಣುವುದಿಲ್ಲ, ಅದೂ ಒಂದು ಆಮ್ಲೀಯ ಸಂಖ್ಯೆಯೇ. ವರ್ಗ ಸಮೀಕರಣ ಕೊಡುವ ನಿಜವಾದ ಉತ್ತರ x = 7.16 × 10⁻⁶, ಪಿಎಚ್ 5.15. ಕಾಲು ಘಟಕಕ್ಕೂ ಹೆಚ್ಚು ತಪ್ಪು ಸದ್ದಿಲ್ಲದೆ ನುಸುಳಿದೆ. ಪಿಎಚ್ ಬರೆಯುವ ಮುನ್ನ x ಅನ್ನು C ಯಿಂದ ಭಾಗಿಸಿ ನೋಡುವ ಅಭ್ಯಾಸ ಇಲ್ಲದಿದ್ದರೆ ಇಂಥ ತಪ್ಪು ಹಿಡಿಯಲು ಸಿಗುವುದೇ ಇಲ್ಲ.

ಈ ಮೂರು ದ್ರಾವಣಗಳಲ್ಲಿ Ka ಬದಲಾಗಲಿಲ್ಲ, ಆಮ್ಲ ಬದಲಾಗಲಿಲ್ಲ, C ಮಾತ್ರ ಬದಲಾಯಿತು. ದ್ರಾವಣ ತೆಳುವಾದಂತೆ ವಿಯೋಜನೆಯ ಪ್ರಮಾಣ ಏರುತ್ತದೆ ಎಂಬುದನ್ನು ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1888 ರಲ್ಲಿ ಸೂತ್ರರೂಪಕ್ಕೆ ತಂದಿದ್ದನು. ನಾವು ಬಿಡಿಸುತ್ತಿರುವ ವರ್ಗ ಸಮೀಕರಣ ಆ ನಿಯಮದ ಇನ್ನೊಂದು ಬರಹವಷ್ಟೆ. ಆದ್ದರಿಂದ ಯಾವುದೇ ಆಮ್ಲದ ಬಗ್ಗೆ ಇದಕ್ಕೆ ಅಂದಾಜು ನಡೆಯುತ್ತದೆ, ಅದಕ್ಕೆ ನಡೆಯುವುದಿಲ್ಲ ಎಂದು ಹೇಳುವುದಕ್ಕೆ ಅರ್ಥವಿಲ್ಲ. C ಮತ್ತು Ka ಗಳ ಅನುಪಾತ ತಿಳಿದ ಮೇಲೆ ಮಾತ್ರ ಹಾಗೆ ಹೇಳಬಹುದು.

ಶೇಕಡಾ ಐದು, ನೂರು, ನಾನೂರು, ಐನೂರು: ಯಾವ ಗಡಿ ಸರಿ?

ಗಡಿಯ ವಿಷಯದಲ್ಲಿ ಪಠ್ಯಪುಸ್ತಕಗಳು ಒಮ್ಮತದಲ್ಲಿಲ್ಲ. x/C ಎಂಬುದು ಶೇಕಡಾ 5 ಮೀರಬಾರದು ಎಂದು ಕೆಲವು ಹೇಳಿದರೆ, C/Ka ಎಂಬುದು 100 ಕ್ಕಿಂತ ಹೆಚ್ಚಿದ್ದರೆ ಸಾಕು ಎಂದು ಇನ್ನು ಕೆಲವು, 400 ಇರಬೇಕು ಎಂದು ಮತ್ತೆ ಕೆಲವು, 500 ಅಥವಾ 1000 ಎಂದು ಉಳಿದವು ಹೇಳುತ್ತವೆ. ವಿದ್ಯಾರ್ಥಿಗೆ ಇದು ಗೊಂದಲ. ಆದರೆ ಸ್ವಲ್ಪ ಬೀಜಗಣಿತ ಮಾಡಿದರೆ ಇವು ಪರಸ್ಪರ ವಿರುದ್ಧವಲ್ಲ, ಬೇರೆ ಬೇರೆ ಸಹನೆಯ ಮಟ್ಟಗಳು ಎಂಬುದು ಗೊತ್ತಾಗುತ್ತದೆ.

ಅಂದಾಜಿನ x₀ ಅನ್ನು ನಿಖರ x ನಿಂದ ಭಾಗಿಸಿದರೆ ಬರುವ ಸಂಖ್ಯೆ C/Ka ಅನುಪಾತವೊಂದನ್ನೇ ಅವಲಂಬಿಸುತ್ತದೆ. ಆಮ್ಲದ ಹೆಸರಾಗಲಿ, ಸಾರತೆಯ ಪ್ರತ್ಯೇಕ ಮೌಲ್ಯವಾಗಲಿ ಅದರಲ್ಲಿ ಬರುವುದಿಲ್ಲ. ಹಾಗಾಗಿ ಕೆಳಗಿನ ಕೋಷ್ಟಕ ಒಂದು ಪ್ರೋಟಾನ್ ಬಿಟ್ಟುಕೊಡುವ ಎಲ್ಲ ದುರ್ಬಲ ಆಮ್ಲಗಳಿಗೂ ಅನ್ವಯಿಸುತ್ತದೆ.

| C/Ka | ಅಂದಾಜಿನಂತೆ ವಿಯೋಜನೆ (ಶೇಕಡಾ) | ನಿಖರ ವಿಯೋಜನೆ (ಶೇಕಡಾ) | ಪಿಎಚ್‌ನಲ್ಲಿ ತಪ್ಪು |
|---|---|---|---|
| 1000 | 3.16 | 3.11 | 0.007 |
| 400 | 5.00 | 4.88 | 0.011 |
| 100 | 10.0 | 9.51 | 0.022 |
| 25 | 20.0 | 18.1 | 0.043 |
| 10 | 31.6 | 27.0 | 0.068 |
| 1 | 100 | 61.8 | 0.209 |

ತಪ್ಪು ಯಾವಾಗಲೂ ಒಂದೇ ದಿಕ್ಕಿನಲ್ಲಿರುತ್ತದೆ. ಛೇದದಲ್ಲಿ C − x ಬದಲು ಅದಕ್ಕಿಂತ ದೊಡ್ಡದಾದ C ಯನ್ನು ಇಟ್ಟಿರುವುದರಿಂದ x₀ ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ, ಪಿಎಚ್ ನಿಜಕ್ಕಿಂತ ಕಡಿಮೆ ಬರುತ್ತದೆ. ಇದರಿಂದ ಒಂದು ಅನುಕೂಲವೂ ಇದೆ: ಶೇಕಡಾ 5 ರ ಪರೀಕ್ಷೆಯನ್ನು ನಿಖರ x ಇಲ್ಲದೆ x₀ ನಿಂದಲೇ ಮಾಡುವಾಗ, x₀ ದೊಡ್ಡದಾಗಿರುವುದರಿಂದ ಪರೀಕ್ಷೆ ಸ್ವಲ್ಪ ಕಠಿಣವೇ ಆಗುತ್ತದೆ. ಆ ಪರೀಕ್ಷೆಯಲ್ಲಿ ಪಾಸಾದ ಲೆಕ್ಕ ನಿಜವಾದ ಅರ್ಥದಲ್ಲೂ ಪಾಸಾಗಿರುತ್ತದೆ.

ಕೋಷ್ಟಕದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ, ವಿಯೋಜನೆ ಶೇಕಡಾ 5 ಇದ್ದಾಗ x ನಲ್ಲಿನ ತಪ್ಪು ಶೇಕಡಾ 5 ಅಲ್ಲ, ಸುಮಾರು ಅದರ ಅರ್ಧ. C ಯಲ್ಲಿ ನಾವು ಮಾಡಿದ ಶೇಕಡಾ 5 ರ ತಪ್ಪು ವರ್ಗಮೂಲದ ಒಳಗಿದೆ, ಹೊರಗೆ ಬರುವಾಗ ಅರ್ಧವಾಗುತ್ತದೆ. ಶೇಕಡಾ 5 ರ ನಿಯಮ ಎಂದರೆ ಉತ್ತರದಲ್ಲಿ ಶೇಕಡಾ 5 ರ ತಪ್ಪನ್ನು ಒಪ್ಪಿಕೊಳ್ಳುವ ನಿಯಮ ಎಂದು ತಿಳಿದಿರುವವರು ಬಹಳ ಮಂದಿ, ಅದು ಸರಿಯಲ್ಲ.

ಅನುಪಾತ ದೊಡ್ಡದಿರುವಾಗ ಈ ತಪ್ಪನ್ನು ಒಂದೇ ಸಾಲಿನಲ್ಲಿ ಬರೆಯಬಹುದು:

ಪಿಎಚ್‌ನಲ್ಲಿ ತಪ್ಪು ≈ 0.217 × √(Ka/C)

ಇದನ್ನು ತಿರುಗಿಸಿ ಬಳಸಿದರೆ ಗಡಿಗಳ ಗೊಂದಲ ತೀರುತ್ತದೆ. ಪಿಎಚ್‌ನಲ್ಲಿ 0.01 ರಷ್ಟು ತಪ್ಪನ್ನು ಮಾತ್ರ ಸಹಿಸುವುದಾದರೆ C/Ka ಸುಮಾರು 470 ಇರಬೇಕು. ಐನೂರರ ನಿಯಮ ಹೇಳುವುದು ಇದನ್ನೇ. 0.02 ರವರೆಗೆ ಪರವಾಗಿಲ್ಲ ಎನ್ನುವುದಾದರೆ ಸುಮಾರು 120 ಸಾಕು. ನೂರರ ನಿಯಮ ಇದರ ಹತ್ತಿರದ್ದು. ಹೀಗಾಗಿ ಯಾವ ಗಡಿ ಸರಿ ಎಂದು ಕೇಳುವ ಬದಲು ಉತ್ತರ ಎಷ್ಟು ನಿಖರವಾಗಿರಬೇಕು ಎಂದು ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ 400 ರ ಗಡಿ ಸಮಂಜಸ, ಏಕೆಂದರೆ ದತ್ತವಾಗಿ ಸಿಗುವ Ka ಮೌಲ್ಯಗಳೇ ಸಾಮಾನ್ಯವಾಗಿ ಎರಡು ಅಂಕಿಗಳಷ್ಟು ನಿಖರ. ಅಸಿಟಿಕ್ ಆಮ್ಲಕ್ಕೆ 1.8 × 10⁻⁵ ಬದಲು 1.75 × 10⁻⁵ ಬಳಸಿದರೆ ಪಿಎಚ್ 0.006 ರಷ್ಟು ಸರಿಯುತ್ತದೆ. ದತ್ತಾಂಶದಲ್ಲೇ ಇಷ್ಟು ಅಲುಗಾಟ ಇರುವಾಗ 0.003 ರ ವ್ಯತ್ಯಾಸಕ್ಕಾಗಿ ವರ್ಗ ಸಮೀಕರಣ ಬಿಡಿಸುವುದು ವ್ಯರ್ಥ ಶ್ರಮ.

400 ರ ಗಡಿಯನ್ನು ಇಟ್ಟುಕೊಂಡರೆ ಪ್ರತಿ ಆಮ್ಲಕ್ಕೂ ಅಂದಾಜು ಎಲ್ಲಿ ನಿಲ್ಲುತ್ತದೆ ಎಂದು ಹೇಳಿಬಿಡಬಹುದು. ಅಸಿಟಿಕ್ ಆಮ್ಲಕ್ಕೆ ಅದು 0.0072 ಮೋಲಾರ್, ಪ್ರಯೋಗಾಲಯದ ಹೆಚ್ಚಿನ ದ್ರಾವಣಗಳು ಇದಕ್ಕಿಂತ ಮೇಲೇ ಇರುತ್ತವೆ. Ka ಮೌಲ್ಯ 1.8 × 10⁻⁴ ಇರುವ ಫಾರ್ಮಿಕ್ ಆಮ್ಲಕ್ಕೆ ಅದು 0.072 ಮೋಲಾರ್, ಅಂದರೆ ಆಗಲೇ ಎಚ್ಚರ ಬೇಕು. Ka ಮೌಲ್ಯ 1.4 × 10⁻³ ಇರುವ ಕ್ಲೋರೋಅಸಿಟಿಕ್ ಆಮ್ಲಕ್ಕೆ ಅದು 0.56 ಮೋಲಾರ್, ಅಂದರೆ ಸಾಮಾನ್ಯವಾಗಿ ಕೊಡುವ 0.1 ಮೋಲಾರ್ ಲೆಕ್ಕದಲ್ಲೂ ವರ್ಗಮೂಲದ ಸೂತ್ರ ನಡೆಯುವುದಿಲ್ಲ.

ನಡುದಾರಿ: ಮತ್ತೆ ಮತ್ತೆ ತಿದ್ದುವುದು

ವರ್ಗಮೂಲ ಮತ್ತು ವರ್ಗ ಸಮೀಕರಣ ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಮೊದಲು x₀ ಕಂಡುಹಿಡಿದು, ಅದನ್ನು C ಯಿಂದ ಕಳೆದು, ಉಳಿದದ್ದನ್ನು Ka ಜೊತೆ ಗುಣಿಸಿ ಮತ್ತೆ ವರ್ಗಮೂಲ ತೆಗೆಯಬೇಕು. ಬಂದ ಉತ್ತರವನ್ನು ಮತ್ತೆ C ಯಿಂದ ಕಳೆಯಬೇಕು. ಅಂಕಿಗಳು ಬದಲಾಗುವುದು ನಿಂತಾಗ ನಿಲ್ಲಿಸಬೇಕು. ಕ್ಲೋರೋಅಸಿಟಿಕ್ ಆಮ್ಲದ 0.10 ಮೋಲಾರ್ ದ್ರಾವಣದಲ್ಲಿ ಇದನ್ನು ಮಾಡಿ ನೋಡೋಣ.

ಮೊದಲ ಅಂದಾಜು 0.01183, ಅಂದರೆ ಶೇಕಡಾ 11.8 ರಷ್ಟು ವಿಯೋಜನೆ. C ಯಿಂದ ಇದನ್ನು ಕಳೆದರೆ 0.08817 ಉಳಿಯುತ್ತದೆ, ಅದರಿಂದ ಎರಡನೆಯ ಬೆಲೆ 0.01111. ಮತ್ತೆ ಕಳೆದರೆ 0.08889, ಅದರಿಂದ 0.01116. ಇನ್ನೊಂದು ಸುತ್ತಿಗೆ 0.01115. ವರ್ಗ ಸಮೀಕರಣದ ಉತ್ತರವೂ 0.01115, ಪಿಎಚ್ 1.95. ಅಂದಾಜಿನ ಪಿಎಚ್ 1.93 ಆಗಿತ್ತು. ಬೆಲೆಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂಗಾಡುತ್ತ ಸರಿಯಾದ ಉತ್ತರವನ್ನು ಎರಡೂ ಕಡೆಯಿಂದ ಒತ್ತುತ್ತ ಹೋಗುವುದರಿಂದ, ಎಲ್ಲಿ ನಿಂತರೂ ಉತ್ತರ ಕೊನೆಯ ಎರಡು ಬೆಲೆಗಳ ನಡುವೆಯೇ ಇದೆ ಎಂಬ ಭರವಸೆ ಇರುತ್ತದೆ. ಕೈಲೆಕ್ಕದಲ್ಲಿ ಇದು ನಿಜಕ್ಕೂ ಸೊಗಸಾದ ಗುಣ.

ಆದರೆ ಈ ದಾರಿಗೂ ಒಂದು ಕೊನೆಯಿದೆ, ಮತ್ತು ಅದು ಸ್ವಲ್ಪ ವಿಚಿತ್ರವಾದದ್ದು. C ಮತ್ತು Ka ಸರಿಸಮವಾಗಿದ್ದರೆ x₀ ಕೂಡ C ಗೆ ಸಮ. ಆಗ C − x₀ ಸೊನ್ನೆ, ಮುಂದಿನ ಬೆಲೆ ಸೊನ್ನೆ, ಅದರ ಮುಂದಿನದು ಮತ್ತೆ C, ಹೀಗೆ ಲೆಕ್ಕ ಎಂದೆಂದಿಗೂ ಎರಡು ತುದಿಗಳ ನಡುವೆ ಜಿಗಿಯುತ್ತಿರುತ್ತದೆ, ನಿಜವಾದ ಉತ್ತರವಾದ 0.618 C ಗೆ ಎಂದೂ ಬರುವುದಿಲ್ಲ. C ಎಂಬುದು Ka ಗಿಂತ ಕಡಿಮೆಯಾದರೆ ಎರಡನೆಯ ಹೆಜ್ಜೆಯಲ್ಲೇ ಋಣ ಸಂಖ್ಯೆಯ ವರ್ಗಮೂಲ ತೆಗೆಯಬೇಕಾಗಿ ಬಂದು ಕ್ಯಾಲ್ಕುಲೇಟರ್ ದೋಷ ತೋರಿಸುತ್ತದೆ. C/Ka ಹತ್ತಕ್ಕಿಂತ ಮೇಲಿದ್ದಾಗ ಈ ವಿಧಾನ ಬಳಸಬಹುದು. ಅದಕ್ಕಿಂತ ಕೆಳಗೆ ಸುತ್ತುಗಳು ಹೆಚ್ಚುತ್ತ ಹೋಗುವುದರಿಂದ ವರ್ಗ ಸಮೀಕರಣವೇ ಹತ್ತಿರದ ದಾರಿ.

ವರ್ಗ ಸಮೀಕರಣ ಬಿಡಿಸುವಾಗ

ಸಮೀಕರಣಕ್ಕೆ ಎರಡು ಮೂಲಗಳಿದ್ದು ಒಂದು ಯಾವಾಗಲೂ ಋಣಾತ್ಮಕ, ಆದ್ದರಿಂದ ಆಯ್ಕೆಯಲ್ಲಿ ಗೊಂದಲವಿಲ್ಲ. ತೊಂದರೆ ಬರುವುದು ಅಂಕಿಗಳನ್ನು ಮೊಟಕು ಮಾಡುವಲ್ಲಿ. ಸೂತ್ರದಲ್ಲಿ −Ka ಜೊತೆ ಒಂದು ವರ್ಗಮೂಲವನ್ನು ಕೂಡಿಸಬೇಕಾಗಿದೆ. C ಬಹಳ ಚಿಕ್ಕದಿದ್ದರೆ ಆ ವರ್ಗಮೂಲ Ka ಗೆ ಬಹುತೇಕ ಸಮವಾಗಿ, ವ್ಯವಕಲನದಲ್ಲಿ ಅರ್ಥವುಳ್ಳ ಅಂಕಿಗಳೆಲ್ಲ ಅಳಿಸಿಹೋಗುತ್ತವೆ.

ಕ್ಲೋರೋಅಸಿಟಿಕ್ ಆಮ್ಲದ 1.0 × 10⁻⁵ ಮೋಲಾರ್ ದ್ರಾವಣದಲ್ಲಿ ಇದನ್ನು ನೇರವಾಗಿ ಕಾಣಬಹುದು. ವರ್ಗಮೂಲದ ಬೆಲೆ 1.41986 × 10⁻³. ಅದರಿಂದ 1.4 × 10⁻³ ಕಳೆದು ಅರ್ಧ ಮಾಡಿದರೆ 9.93 × 10⁻⁶, ಅಂದರೆ ಶೇಕಡಾ 99.3 ರಷ್ಟು ವಿಯೋಜನೆ. ಆದರೆ ಮಧ್ಯದಲ್ಲಿ ವರ್ಗಮೂಲವನ್ನು 1.42 × 10⁻³ ಎಂದು ಮೂರಂಕಿಗೆ ಇಳಿಸಿದವರಿಗೆ ಉತ್ತರ 1.0 × 10⁻⁵ ಬರುತ್ತದೆ, ಅಂದರೆ ಪೂರ್ತಿ ನೂರು. ಪಿಎಚ್‌ಗೆ ಇದರಿಂದ ಹೆಚ್ಚು ಬಾಧೆಯಿಲ್ಲ, ಆದರೆ ವಿಯೋಜನೆಗೊಳ್ಳದೆ ಉಳಿದ ಆಮ್ಲ ಎಷ್ಟು ಎಂದು ಕೇಳಿದರೆ ಉತ್ತರ ಸೊನ್ನೆಯಾಗುತ್ತದೆ, ಅದು ಪೂರ್ತಿ ತಪ್ಪು. ಇದನ್ನು ತಪ್ಪಿಸಲು ಅದೇ ಮೂಲವನ್ನು ವ್ಯವಕಲನವಿಲ್ಲದ ರೂಪದಲ್ಲಿ ಬರೆಯಬಹುದು:

x = 2C / (1 + √(1 + 4C/Ka))

ಇದರಲ್ಲಿ ಎಲ್ಲಿಯೂ ಹತ್ತಿರದ ಎರಡು ಸಂಖ್ಯೆಗಳ ವ್ಯತ್ಯಾಸ ತೆಗೆಯಬೇಕಾಗಿಲ್ಲ, ಹಾಗಾಗಿ C ಎಷ್ಟೇ ಚಿಕ್ಕದಿರಲಿ ದೊಡ್ಡದಿರಲಿ ಅಂಕಿಗಳು ಉಳಿಯುತ್ತವೆ. ಸ್ಪ್ರೆಡ್‌ಶೀಟ್‌ನಲ್ಲಿ ಸೂತ್ರ ಹಾಕಿಡುವವರು ಈ ರೂಪವನ್ನೇ ಹಾಕಿಡುವುದು ಮೇಲು, ಮತ್ತು ಒಮ್ಮೆ ಹಾಕಿಟ್ಟ ಮೇಲೆ ಅಂದಾಜಿನ ಪ್ರಶ್ನೆಯೇ ಏಳುವುದಿಲ್ಲ. ಅಂದಾಜಿನ ಬೆಲೆ ಇರುವುದು ಕೈಲೆಕ್ಕದಲ್ಲಿ, ಪರೀಕ್ಷೆಯಲ್ಲಿ, ಮತ್ತು ಸಾರತೆ ನಾಲ್ಕು ಪಟ್ಟಾದರೆ ಹೈಡ್ರೋಜನ್ ಅಯಾನು ಎರಡು ಪಟ್ಟಾಗುತ್ತದೆ ಎಂಬಂಥ ಸಂಬಂಧಗಳನ್ನು ತಟ್ಟನೆ ಕಾಣುವುದರಲ್ಲಿ.

ಎರಡೂ ಸೋಲುವ ಜಾಗ

ಅಂದಾಜು ಸೋತಾಗಲೆಲ್ಲ ವರ್ಗ ಸಮೀಕರಣ ಕಾಪಾಡುತ್ತದೆ ಎಂಬ ನಂಬಿಕೆಗೂ ಒಂದು ಅಪವಾದವಿದೆ. ಹೈಡ್ರೋಜನ್ ಸಯನೈಡ್ ಬಹಳ ದುರ್ಬಲ ಆಮ್ಲ, ಅದರ Ka 6.2 × 10⁻¹⁰. ಅದರ 1.0 × 10⁻⁵ ಮೋಲಾರ್ ದ್ರಾವಣದಲ್ಲಿ C/Ka ಹದಿನಾರು ಸಾವಿರಕ್ಕೂ ಹೆಚ್ಚು. ಶೇಕಡಾ 5 ರ ಪರೀಕ್ಷೆ ಅದ್ಭುತವಾಗಿ ಪಾಸಾಗುತ್ತದೆ. ವರ್ಗಮೂಲದ ಸೂತ್ರ 7.87 × 10⁻⁸ ಎಂದು ಕೊಟ್ಟು ಪಿಎಚ್ 7.10 ಎನ್ನುತ್ತದೆ. ಆಮ್ಲವನ್ನು ಕರಗಿಸಿದ ನೀರು 25 ಡಿಗ್ರಿಯಲ್ಲಿ ಪ್ರತ್ಯಾಮ್ಲೀಯವಾಗುವುದು ಸಾಧ್ಯವಿಲ್ಲ. ಅನುಮಾನ ಬಂದು ವರ್ಗ ಸಮೀಕರಣ ಬಿಡಿಸಿದರೂ ಅದೇ 7.10 ಬರುತ್ತದೆ, ಏಕೆಂದರೆ ಇಲ್ಲಿ ತಪ್ಪಿರುವುದು C − x ನಲ್ಲಿ ಅಲ್ಲ.

ಬಿಟ್ಟುಹೋದದ್ದು ನೀರು ತಾನೇ ಕೊಡುವ ಹೈಡ್ರೋಜನ್ ಅಯಾನು. ಆಮ್ಲದ ಕೊಡುಗೆ 10⁻⁷ ರ ಮಟ್ಟಕ್ಕೆ ಇಳಿದಾಗ ನೀರಿನ ಕೊಡುಗೆ ಅದಕ್ಕೆ ಸರಿಸಮವಾಗುತ್ತದೆ, ಅದನ್ನು ಕೈಬಿಡಲಾಗದು. ಪೂರ್ಣವಾಗಿ ಬರೆದರೆ ಇದು ಘನ ಸಮೀಕರಣವಾಗುತ್ತದೆ. ಆದರೆ ವಿಯೋಜನೆ ಅತ್ಯಲ್ಪವಾಗಿರುವುದರಿಂದ C − x ಬದಲು C ಇಡುವುದು ಇಲ್ಲಿ ನಿರಾತಂಕವಾಗಿ ನಡೆಯುತ್ತದೆ, ಮತ್ತು ಸಮೀಕರಣ ಮತ್ತೆ ಒಂದು ವರ್ಗಮೂಲಕ್ಕೆ ಇಳಿಯುತ್ತದೆ:

[H⁺] = √(Ka·C + Kw)

Kw ಅನ್ನು 1.0 × 10⁻¹⁴ ಎಂದು ಹಾಕಿದರೆ [H⁺] = 1.27 × 10⁻⁷, ಪಿಎಚ್ 6.90. ಈಗ ಉತ್ತರ ಆಮ್ಲೀಯ ಬದಿಯಲ್ಲಿದೆ. ಹೀಗಾಗಿ ಲೆಕ್ಕ ಶುರುಮಾಡುವ ಮುನ್ನ ಎರಡು ಸಂಖ್ಯೆಗಳನ್ನು ನೋಡಬೇಕಾಗುತ್ತದೆ. C/Ka ಎಂಬ ಭಾಗಲಬ್ಧ 400 ಕ್ಕಿಂತ ಕಡಿಮೆಯಿದ್ದರೆ ಆಮ್ಲ ಗಣನೀಯವಾಗಿ ಖರ್ಚಾಗುತ್ತಿದೆ, ವರ್ಗ ಸಮೀಕರಣ ಬೇಕು. Ka·C ಎಂಬ ಗುಣಲಬ್ಧ 10⁻¹² ಕ್ಕಿಂತ ಹೆಚ್ಚಿದ್ದರೆ ನೀರನ್ನು ಮರೆಯಬಹುದು. ಅದರ ಕೆಳಗಿಳಿದರೆ ನೀರನ್ನೂ ಲೆಕ್ಕಕ್ಕೆ ತರಬೇಕು. ಮೊದಲಿನ 1.0 × 10⁻⁵ ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಈ ಗುಣಲಬ್ಧ 1.8 × 10⁻¹⁰, ಆದ್ದರಿಂದಲೇ ಅಲ್ಲಿ ವರ್ಗ ಸಮೀಕರಣವೊಂದೇ ಸಾಕಾಯಿತು.

ದುರ್ಬಲ ಪ್ರತ್ಯಾಮ್ಲಗಳಿಗೂ ಇದೇ ಕೋಷ್ಟಕ ಮತ್ತು ಇದೇ ಗಡಿಗಳು ಹೊಂದುತ್ತವೆ. Ka ಜಾಗದಲ್ಲಿ Kb ಇಟ್ಟು, ಬಂದ x ಅನ್ನು ಹೈಡ್ರಾಕ್ಸೈಡ್ ಅಯಾನಿನ ಸಾರತೆ ಎಂದು ಓದಿಕೊಳ್ಳಬೇಕು. ದ್ರಾವಣದಲ್ಲಿ ಮೊದಲೇ ಬೇರೆ ಪ್ರಬಲ ಆಮ್ಲವಾಗಲಿ, ಅದೇ ಆಮ್ಲದ ಲವಣವಾಗಲಿ ಇದ್ದರೆ ಮಾತ್ರ ಈ ಗಡಿಗಳನ್ನು ಹಾಗೆಯೇ ಬಳಸಬಾರದು, ಏಕೆಂದರೆ ಆಗ ಸಮತೋಲನದ ಸಮೀಕರಣದ ಅಂಶ x² ಆಗಿ ಉಳಿಯುವುದಿಲ್ಲ.